ರುಮಟಾಯ್ಡ್ ಕೈ ಮತ್ತು ಮಣಿಕಟ್ಟು: ವಿರೂಪಗಳು, ಅವುಗಳ ಬಗೆ, ರಜ್ಜು ಹರಿಯದಂತೆ ತಡೆಯುವುದು

ರುಮಟಾಯ್ಡ್ ಸಂಧಿವಾತ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ದೀರ್ಘಕಾಲದ ಕಾಯಿಲೆ. ಕೈಬೆರಳುಗಳ ಬುಡದ ಗೆಣ್ಣು, ನಡುವಿನ ಗೆಣ್ಣು ಮತ್ತು ಮಣಿಕಟ್ಟು ಅದಕ್ಕೆ ಬಲುಬೇಗ ಸಿಕ್ಕಿಬೀಳುವ ಜಾಗಗಳು. ಬೆರಳ ತುದಿಯ ಗೆಣ್ಣನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ; ಅಲ್ಲಿ ಗಂಟು ಕಟ್ಟಿದ್ದರೆ ವಯಸ್ಸಿನ ಸವೆತವನ್ನೇ ಮೊದಲು ನೆನೆಯಬೇಕು. ದೆಹಲಿ ಬಳಿಯ ಬಲ್ಲಭಗಡದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 0.75 ಮಂದಿಗೆ ಈ ಕಾಯಿಲೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ, ಅದರ ಸುತ್ತಲಿನ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೈಯ ಕೆಲಸವೆಂದರೆ ಬಹುಮಟ್ಟಿಗೆ ತೆಂಗಿನ ಕೆಲಸ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ತಿರುಳು ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಮಟ್ಟೆ ಸುಲಿದು, ಉಂಡೆಗೆ ಏಟು ಬೀಳದಂತೆ ಕರಟ ಒಡೆದು ತೆಗೆಯುತ್ತಾರೆ. ಕಬ್ಬಿಣದ ಗೂಟಕ್ಕೆ ಕಾಯಿ ಕುಕ್ಕಿ ತಿರುಚುವುದು, ಕರಟ ಒಡೆಯುವುದು, ಮನೆಯಲ್ಲಿ ಕೋಲು ಹಿಡಿದು ಮುದ್ದೆ ತೊಳಸುವುದು, ಹಾಲು ಕರೆಯುವುದು, ಇವೆಲ್ಲ ಮಣಿಕಟ್ಟನ್ನು ಬಿಗಿಹಿಡಿದು ಮುಂಗೈ ತಿರುಗಿಸುವ ಕೆಲಸಗಳೇ. ಈ ಕೆಲಸಗಳಿಂದ ರುಮಟಾಯ್ಡ್ ಹುಟ್ಟುವುದಿಲ್ಲ. ಆದರೆ ಕಾಯಿಲೆ ಹತ್ತಿದ ಮೇಲೆ ಕೈ ಎಲ್ಲಿ ಮೊದಲು ಕೈಕೊಡುತ್ತದೆ ಎಂಬುದರಲ್ಲಿ ಇವುಗಳ ಪಾಲಿದೆ. ಇಲ್ಲಿ ರೋಗ ತಡವಾಗಿ ಗುರುತಾಗಲು ಇನ್ನೊಂದು ಕಾರಣವೂ ಇದ್ದೀತು. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷದಷ್ಟು ಶಂಕಿತ ಚಿಕುನ್‌ಗುನ್ಯ ಪ್ರಕರಣಗಳು ದಾಖಲಾದವು. ಆ ಜ್ವರದ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿದು ರುಮಟಾಯ್ಡ್‌ನಂತೆಯೇ ಕಾಣುತ್ತಿತ್ತು. ಎರಡೂ ಮಣಿಕಟ್ಟು ಊದಿ ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ, ಹಳೆಯ ಜ್ವರದ ನೋವೆಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸುವುದೇ ಸರಿ.

ವಿರೂಪ ಶುರುವಾಗುವುದು ಮಣಿಕಟ್ಟಿನಲ್ಲಿ

ಸೊಟ್ಟಗಾದ ಬೆರಳುಗಳು ಕಣ್ಣಿಗೆ ಬೀಳುತ್ತವೆ, ಮಣಿಕಟ್ಟು ಬೀಳುವುದಿಲ್ಲ. ಅದಕ್ಕೇ ಬೆರಳಿನ ಬಗ್ಗೆ ದೂರು ಹೇಳಿಕೊಂಡು ಬರುವವರು ಹೆಚ್ಚು. ಕೈಯ ಶಸ್ತ್ರಚಿಕಿತ್ಸಕರು ಮಾತ್ರ ಮೊದಲು ನೋಡುವುದು ಮಣಿಕಟ್ಟನ್ನು.

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಕೈಯ ಭಾರವನ್ನು ಬಹುಪಾಲು ರೇಡಿಯಸ್ಸೇ ಹೊರುತ್ತದೆ, ಮತ್ತು ಅದರ ತುದಿ ಕಿರುಬೆರಳ ಕಡೆಗೂ ಅಂಗೈ ಕಡೆಗೂ ಇಳಿಜಾರಾಗಿದೆ. ಆರೋಗ್ಯವಂತ ಕೈಯಲ್ಲಿ ಮಣಿಕಟ್ಟಿನ ಎಂಟು ಚಿಕ್ಕ ಮೂಳೆಗಳು ಆ ಇಳಿಜಾರಿನಲ್ಲಿ ಜಾರದೆ ನಿಂತಿರುವುದು ಅಸ್ಥಿಬಂಧಗಳ ಬಿಗಿಯಿಂದ. ಊದಿದ ಒಳಪೊರೆ ಈ ಬಂಧಗಳನ್ನು ಹಿಗ್ಗಿಸಿ ಕೊರೆದು ಸಡಿಲ ಮಾಡಿದಾಗ ಮೂಳೆಗಳ ಗುಂಪು ಇಳಿಜಾರು ಹಿಡಿದು ಅಲ್ನಾ ಕಡೆಗೂ ಅಂಗೈ ಕಡೆಗೂ ಜಾರುತ್ತದೆ. ಜೊತೆಗೆ ಇಡೀ ಅಂಗೈ ರೇಡಿಯಸ್ ಕಡೆಗೆ, ಎಂದರೆ ಹೆಬ್ಬೆರಳ ಬದಿಗೆ, ವಾಲಿಕೊಳ್ಳುತ್ತದೆ.

ಅಲ್ನಾ ತುದಿಯಲ್ಲಿ ನಡೆಯುವುದು ಇನ್ನೂ ಗಂಭೀರ. ಅಲ್ನಾದ ಗುಂಡುತಲೆಯನ್ನು ರೇಡಿಯಸ್ಸಿಗೆ ಕಟ್ಟಿಹಾಕಿರುವ ತ್ರಿಕೋನಾಕಾರದ ಮೃದ್ವಸ್ಥಿ ಹರಿಯುತ್ತದೆ. ಅದರ ಪಕ್ಕದಲ್ಲೇ ಹಾದುಹೋಗುವ, ಮಣಿಕಟ್ಟನ್ನು ಕಿರುಬೆರಳ ಬದಿಗೆ ಎಳೆದಿಡುವ ರಜ್ಜು ತನ್ನ ಕೊಳವೆಯಿಂದ ಕಳಚಿ ಅಂಗೈ ಕಡೆಗೆ ಜಾರುತ್ತದೆ. ಈಗ ಅದು ಮಣಿಕಟ್ಟನ್ನು ಎತ್ತುವುದನ್ನು ಬಿಟ್ಟು ಬಾಗಿಸತೊಡಗುತ್ತದೆ. ಎದುರು ಬದಿಯ ರಜ್ಜುಗಳಿಗೆ ತಡೆಯುವವರೇ ಇಲ್ಲವಾಗಿ ಅಂಗೈ ಇನ್ನಷ್ಟು ಹೆಬ್ಬೆರಳ ಕಡೆ ವಾಲುತ್ತದೆ. ರೇಡಿಯಸ್ಸೂ ಮಣಿಕಟ್ಟೂ ತಿರುಚಿಕೊಂಡು ಕೆಳಗೆ ಕುಸಿದಾಗ, ಅಲ್ನಾದ ತಲೆ ಕೈಯ ಹಿಂಬದಿಯಲ್ಲಿ ಗುಬುಟಿನಂತೆ ಎದ್ದು ನಿಲ್ಲುತ್ತದೆ. ಅದನ್ನು ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಬಾಗಿಲ ಚಿಲಕ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಆ ಜಾಗದಲ್ಲಿ ಕಳಕ್ಕೆನ್ನುವ ನೋವು. ಸ್ವೀಡನ್ನಿನ ಬ್ಯಾಕ್‌ಡಾಲ್ 1963ರಲ್ಲಿ ಈ ಇಡೀ ಚಿತ್ರವನ್ನು ಅಲ್ನಾತಲೆಯ ಸಹಲಕ್ಷಣವೆಂದು ವಿವರವಾಗಿ ಬಣ್ಣಿಸಿದರು.

ಬೆರಳುಗಳ ಸರದಿ

ಅಂಗೈ ಹೆಬ್ಬೆರಳ ಕಡೆ ವಾಲಿದ ಮೇಲೆ ಬೆರಳುಗಳು ಎದುರು ದಿಕ್ಕಿಗೆ, ಕಿರುಬೆರಳ ಬದಿಗೆ, ವಾಲುವುದು ಬಹುತೇಕ ಖಚಿತ. ಮಣಿಕಟ್ಟು ಒಂದು ಕಡೆ, ಬೆರಳು ಇನ್ನೊಂದು ಕಡೆ; ಕೈ ಅಂಕುಡೊಂಕಾದ ಗೆರೆಯಂತಾಗುತ್ತದೆ. ಬುಡದ ಗೆಣ್ಣಿನಲ್ಲೂ ಊತವಿದ್ದರೆ ಬೆರಳೆತ್ತುವ ರಜ್ಜನ್ನು ಗೆಣ್ಣಿನ ನೆತ್ತಿಯ ಮೇಲೆ ಹಿಡಿದಿಟ್ಟ ತೆಳು ಪಟ್ಟಿ ಹೆಬ್ಬೆರಳ ಬದಿಯಲ್ಲಿ ಹಿಗ್ಗಿ, ರಜ್ಜು ಗೆಣ್ಣುಗಳ ನಡುವಿನ ತಗ್ಗಿಗೆ ಜಾರುತ್ತದೆ. ಹೆಬ್ಬೆರಳಿನಿಂದ ಚಿವುಟಿ ಹಿಡಿಯುವಾಗ ಬೀಳುವ ಒತ್ತಡವೂ ಬೆರಳನ್ನು ಅದೇ ಬದಿಗೆ ತಳ್ಳುತ್ತದೆ. ಆದ್ದರಿಂದ ಮಣಿಕಟ್ಟನ್ನು ಬಿಟ್ಟು ಬರೀ ಬೆರಳನ್ನು ನೇರ ಮಾಡುವ ಶಸ್ತ್ರಚಿಕಿತ್ಸೆ ಬಾಳುವುದಿಲ್ಲ. ಮೇಲಿನ ಸೊಟ್ಟ ಉಳಿದರೆ ಕೆಳಗಿನದು ಮರಳಿ ಬರುತ್ತದೆ.

ನಡುವಿನ ಗೆಣ್ಣಿನಲ್ಲಿ ಎರಡು ಬಗೆಯ ವಿರೂಪ ಬರುತ್ತದೆ. ಹಂಸದ ಕತ್ತಿನ ಬೆರಳಿನಲ್ಲಿ ನಡುಗೆಣ್ಣು ಹಿಂದಕ್ಕೆ ಮಡಚಿ ತುದಿ ಕೆಳಗೆ ಬಾಗುತ್ತದೆ. ಗುಂಡಿಕಾಜಿನ ಬೆರಳಿನಲ್ಲಿ ಇದು ತಿರುಗುಮುರುಗು: ರಜ್ಜಿನ ನಡುಪಟ್ಟಿ ಹರಿದು ಗೆಣ್ಣು ಅದರ ಸೀಳಿನಿಂದ ಮೇಲೆ ತೂರಿ ಬಾಗಿ ನಿಲ್ಲುತ್ತದೆ, ತುದಿ ಹಿಂದಕ್ಕೆ ಚಾಚುತ್ತದೆ. ನೋಡಲು ಎರಡೂ ಒಂದೇ ಮಟ್ಟದ ಸೊಟ್ಟ, ಆದರೆ ದಿನದ ಬದುಕಿನಲ್ಲಿ ಹಂಸದ ಕತ್ತಿನ ಬೆರಳೇ ಹೆಚ್ಚು ಕಾಡುತ್ತದೆ, ಏಕೆಂದರೆ ಮುಷ್ಟಿ ಕಟ್ಟಲು ಆಗದು, ಲೋಟ ಹಿಡಿಯಲು ಆಗದು. ಗುಂಡಿಕಾಜಿನ ಬೆರಳಿನವರು ಮುಷ್ಟಿ ಕಟ್ಟಿಕೊಂಡು ಹೇಗೋ ಕೆಲಸ ಸಾಗಿಸುತ್ತಾರೆ. ಹಂಸದ ಕತ್ತು ಇನ್ನೂ ಮೆತ್ತಗಿರುವಾಗ, ಎಂದರೆ ಇನ್ನೊಂದು ಕೈಯಿಂದ ಬಾಗಿಸಿದರೆ ಬಾಗುವಾಗ, ಎಂಟರ ಆಕಾರದ ಉಂಗುರದ ಪಟ್ಟಿ ತೊಡಿಸಿ ಹಿಂದಕ್ಕೆ ಹೋಗದಂತೆ ತಡೆಯಬಹುದು.

ರಜ್ಜು ಹರಿಯುವ ಬಗೆ

ಮೇಲಿನ ವಿರೂಪಗಳೆಲ್ಲ ವರ್ಷಗಳ ಲೆಕ್ಕದಲ್ಲಿ ಬರುತ್ತವೆ. ರಜ್ಜು ಹರಿಯುವುದು ಒಂದು ಕ್ಷಣದಲ್ಲಿ, ಮತ್ತು ಅಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ.

ಬೆರಳೆತ್ತುವ ರಜ್ಜುಗಳು ಮಣಿಕಟ್ಟಿನ ಹಿಂಬದಿಯಲ್ಲಿ ಆರು ಇಕ್ಕಟ್ಟಾದ ಕೊಳವೆಗಳಲ್ಲಿ ಹಾದುಹೋಗುತ್ತವೆ. ಮೇಲೊಂದು ಗಟ್ಟಿ ಪಟ್ಟಿ ಅವನ್ನು ಅದುಮಿ ಹಿಡಿದಿರುತ್ತದೆ. ಕಿರುಬೆರಳಿನ ಸ್ವಂತ ರಜ್ಜು ಐದನೆಯ ಕೊಳವೆಯದು. ಅದು ಹೋಗುವುದು ಸರಿಯಾಗಿ ಅಲ್ನಾತಲೆಯ ನೆತ್ತಿಯ ಮೇಲೆ. ಎದ್ದು ನಿಂತ ಆ ತಲೆ ಕಾಯಿಲೆಯಿಂದ ಕೊರೆದು ಮುಳ್ಳುಮುಳ್ಳಾಗಿ, ಮೇಲಿನ ಕೀಲುಚೀಲವನ್ನೂ ತೂರಿ ಹೊರಬಂದಿದ್ದರೆ, ಪ್ರತಿ ಬಾರಿ ಬೆರಳು ಎತ್ತಿ ಇಳಿಸಿದಾಗಲೂ ರಜ್ಜು ಆ ಮುಳ್ಳಿಗೆ ಉಜ್ಜುತ್ತದೆ. ಬಾವಿಕಟ್ಟೆಯ ಚೂಪುಗಲ್ಲಿಗೆ ಉಜ್ಜಿ ಎಳೆಎಳೆಯಾಗಿ ಸವೆಯುವ ತೆಂಗಿನ ನಾರಿನ ಹಗ್ಗದಂತೆ ಅದು ಹರಿಯುತ್ತದೆ. ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಕ ವಾನ್-ಜಾಕ್ಸನ್ ಸವೆತದಿಂದ ರಜ್ಜು ಹೀಗೆ ಹರಿಯುವುದನ್ನು 1948ರಲ್ಲಿ ಇಬ್ಬರು ರೋಗಿಗಳ ಉದಾಹರಣೆಯೊಡನೆ ಬರೆದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ.

ಸವೆತ ಒಂದೇ ಕಾರಣವಲ್ಲ. ರಜ್ಜಿನ ಸುತ್ತಲಿನ ಪೊರೆಯೂ ಊದಿ, ಗೆದ್ದಲಿನ ಹಾಗೆ ರಜ್ಜಿನ ಒಳಕ್ಕೇ ನುಗ್ಗಿ ಎಳೆಗಳನ್ನು ಸಡಿಲಿಸುತ್ತದೆ. ಊತ ಗಟ್ಟಿ ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡಾಗ ರಕ್ತ ಸಂಚಾರವೂ ಕುಗ್ಗುತ್ತದೆ. ಹೀಗೆ ಒಳಗಿನಿಂದ ಬಲ ಕಳೆದುಕೊಂಡ ರಜ್ಜಿಗೆ ಮುಳ್ಳು ತಾಕಿದರೆ ಕೊನೆಯ ಎಳೆ ಕಡಿಯಲು ಒಂದು ಚೊಂಬು ಎತ್ತಿದರೂ ಸಾಕು.

ಇಲ್ಲೊಂದು ಕ್ರಮವಿದೆ, ಇಡೀ ತಡೆಗಟ್ಟುವಿಕೆಯ ಜೀವಾಳ ಅದೇ. ಮೊದಲು ಕಿರುಬೆರಳಿನ ರಜ್ಜು, ಆಮೇಲೆ ಉಂಗುರಬೆರಳಿನದು, ನಂತರ ನಡುಬೆರಳಿನದು. ಒಂದು ಕಡಿದಾಗ ಮುಳ್ಳು ಪಕ್ಕದ ರಜ್ಜಿಗೆ ತಾಕತೊಡಗುತ್ತದೆ. ಅಂಗೈ ಕಡೆಯಲ್ಲೂ ಇಂಥದೇ ಕಥೆ ಇದೆ: ಮಣಿಕಟ್ಟಿನ ಸ್ಕಾಫಾಯ್ಡ್ ಮೂಳೆಯಿಂದ ಎದ್ದ ಮುಳ್ಳು ಹೆಬ್ಬೆರಳು ಮಡಿಸುವ ರಜ್ಜನ್ನು ಕಡಿಯುತ್ತದೆ, ತರುವಾಯ ತೋರುಬೆರಳಿನದನ್ನು. ಮ್ಯಾನರ್‌ಫೆಲ್ಟ್ ಮತ್ತು ನಾರ್ಮನ್ 1969ರಲ್ಲಿ ಇದನ್ನು ವರದಿ ಮಾಡಿದರು. ಹೆಬ್ಬೆರಳ ತುದಿ ಮಡಚಲು ಆಗದಿದ್ದರೆ ಅದನ್ನೇ ಶಂಕಿಸಬೇಕು. ಹೆಬ್ಬೆರಳನ್ನು ಮೇಲೆತ್ತುವ ಉದ್ದ ರಜ್ಜೂ ಹರಿಯಬಹುದು. ಅಂಗೈಯನ್ನು ಮೇಜಿನ ಮೇಲೆ ಒತ್ತಿಟ್ಟು ಹೆಬ್ಬೆರಳನ್ನಷ್ಟೇ ಮೇಲಕ್ಕೆತ್ತಲು ಹೇಳಿದರೆ ಅದು ತಿಳಿಯುತ್ತದೆ.

ಮುನ್ಸೂಚನೆಗಳು

ಮಣಿಕಟ್ಟಿನ ಹಿಂಬದಿಯಲ್ಲಿ ಮೆತ್ತಗಿನ, ನೋವಿಲ್ಲದ ಊತ. ಬೆರಳು ಎತ್ತಿದಾಗ ಅದೂ ಜೊತೆಗೆ ಸರಿಯುತ್ತದೆ. ನಡುವೆ ಪಟ್ಟಿ ಅದುಮಿರುವುದರಿಂದ ಡಮರುಗದ ಸೊಂಟದಂತೆ ಕಿರಿದಾಗಿರಲೂಬಹುದು. ನೋಯುವುದಿಲ್ಲವೆಂದು ಜನ ಇದನ್ನು ಕಡೆಗಣಿಸುತ್ತಾರೆ. ಆರು ತಿಂಗಳು ಮೀರಿ ಉಳಿದ ಇಂಥ ಊತ, ಹಿಂಬದಿಗೆ ಕಳಚಿದ ಅಲ್ನಾತಲೆ, ಎಕ್ಸ್-ರೇಯಲ್ಲಿ ರೇಡಿಯಸ್ಸಿನ ಅಂಚಿನಲ್ಲಿ ಅಲ್ನಾ ಕೂರುವ ಜಾಗದಲ್ಲಿ ಚಿಪ್ಪಿನ ಆಕಾರದ ಗುಳಿ, ಈ ಮೂರೂ ಕೂಡಿದರೆ ರಜ್ಜು ಅಪಾಯದಲ್ಲಿದೆ ಎಂದೇ ತಿಳಿಯಬೇಕು. ಆ ಗುಳಿಯ ಬಗ್ಗೆ ಫ್ರೈಬರ್ಗ್ ಮತ್ತು ವೈನ್‌ಸ್ಟೀನ್ 1972ರಲ್ಲಿ ಬರೆದರು. ಅಲ್ಟ್ರಾಸೌಂಡಿನಲ್ಲಿ ರಜ್ಜಿನ ಒಳಸ್ಥಿತಿಯನ್ನೂ ನೋಡಬಹುದು.

ಮನೆಯಲ್ಲೇ ಮಾಡಿಕೊಳ್ಳುವ ಒಂದು ಪರೀಕ್ಷೆ ಇದೆ. ಉಳಿದ ಮೂರು ಬೆರಳುಗಳನ್ನು ಮುಷ್ಟಿಯಲ್ಲಿ ಮಡಿಸಿ ಕಿರುಬೆರಳನ್ನು ಮಾತ್ರ ನೇರ ಎತ್ತುವುದು. ಮುಷ್ಟಿ ಮಡಿಸುವುದೇ ಗುಟ್ಟು: ಕಿರುಬೆರಳಿಗೆ ಉಳಿದ ಬೆರಳುಗಳ ಸಾಮೂಹಿಕ ರಜ್ಜಿನ ಸಹಾಯವೂ ಇರುವುದರಿಂದ, ಕೈ ಚಾಚಿ ನೋಡಿದರೆ ಸ್ವಂತ ರಜ್ಜು ಕಡಿದದ್ದು ಗೊತ್ತಾಗದೆ ಹೋಗಬಹುದು. ಕೆಲವರಿಗೆ ಹುಟ್ಟಿನಿಂದಲೇ ಈ ಚಲನೆ ಸಪ್ಪೆಯಾಗಿರುತ್ತದೆ. ಆದ್ದರಿಂದ ಎರಡೂ ಕೈಯನ್ನು ಹೋಲಿಸಿ, ಕಾಯಿಲೆಯ ಮೊದಲ ದಿನಗಳಲ್ಲೇ ಒಮ್ಮೆ ನೋಡಿಟ್ಟುಕೊಂಡರೆ ಮುಂದೆ ಬದಲಾವಣೆ ಗುರುತಿಸಲು ಸುಲಭ.

ಒಂದು ಮಾದರಿ ಕೈ

ಈ ಸೀಮೆಯ ಐವತ್ತರ ಹೆಂಗಸೊಬ್ಬರ ಬಲಗೈಯನ್ನು ಊಹಿಸಿಕೊಳ್ಳೋಣ. ನಿಜವಾದ ಯಾರೊಬ್ಬರ ವಿವರವೂ ಇದರಲ್ಲಿಲ್ಲ. ಏಳೆಂಟು ವರ್ಷದ ರುಮಟಾಯ್ಡ್, ಅಂಗಡಿಯಿಂದ ತಂದ ನೋವಿನ ಗುಳಿಗೆ ಮತ್ತು ಸ್ಟೀರಾಯ್ಡ್. ವರ್ಷದಿಂದ ಮಣಿಕಟ್ಟಿನ ಹಿಂದೆ ಮೆತ್ತನೆಯ ಊತ. ಒಂದು ಬೆಳಿಗ್ಗೆ ಕಿರುಬೆರಳು ಜೋತುಬಿದ್ದಿದೆ. ಮುಖ ತೊಳೆಯುವಾಗ ಅದು ಕೆನ್ನೆಗೆ ತಗುಲುತ್ತದೆ, ಕೊಬ್ಬರಿ ಒಡೆಯುವಾಗ ಕರಟದ ಚೂರಿಗೆ ಸಿಕ್ಕಿಕೊಳ್ಳುತ್ತದೆ. ನೋವಿಲ್ಲ, ಕೆಲಸ ಸಾಗುತ್ತದೆ. ಮೂರು ವಾರದ ನಂತರ ಉಂಗುರಬೆರಳೂ ಬೀಳುತ್ತದೆ. ಆಗ ವೈದ್ಯರಲ್ಲಿಗೆ ಹೋಗುತ್ತಾರೆ.

ಜೋತುಬಿದ್ದ ಬೆರಳೆಲ್ಲ ಹರಿದ ರಜ್ಜಿನದೇ ಆಗಬೇಕಿಲ್ಲ. ವೈದ್ಯರು ಮೊದಲು ಬೆರಳನ್ನು ತಮ್ಮ ಕೈಯಿಂದ ನೇರ ಮಾಡಿ ಬಿಡುತ್ತಾರೆ. ಆಕೆ ಅದನ್ನು ಹಾಗೆಯೇ ನಿಲ್ಲಿಸಿಕೊಂಡರೆ ರಜ್ಜು ಸರಿಯಾಗಿದೆ, ಗೆಣ್ಣಿನ ತಗ್ಗಿಗೆ ಜಾರಿದೆ ಅಷ್ಟೆ. ಬೆರಳು ನೇರವಾಗುವುದೇ ಇಲ್ಲವಾದರೆ ಬುಡದ ಗೆಣ್ಣೇ ಕಳಚಿದೆ. ನೇರವಾಗಿ ಮತ್ತೆ ಬಿದ್ದರೆ ಮುಂದಿನ ಪರೀಕ್ಷೆ: ಮಣಿಕಟ್ಟನ್ನು ಮೆಲ್ಲಗೆ ಕೆಳಗೆ ಬಾಗಿಸುವುದು. ರಜ್ಜು ಕೂಡಿಕೊಂಡಿದ್ದರೆ ಅದು ಬಿಗಿದು ಬೆರಳು ತಾನಾಗಿ ಮೇಲೇಳಬೇಕು. ಎದ್ದರೆ ತೊಂದರೆ ನರದಲ್ಲಿದೆ, ಮೊಣಕೈ ಕೀಲಿನ ಊತ ಅಲ್ಲಿಯ ನರವನ್ನು ಅದುಮಿರಬಹುದು. ಏಳದಿದ್ದರೆ ರಜ್ಜು ಹರಿದಿದೆ. ಈ ಹೆಂಗಸಿನಲ್ಲಿ ಎರಡು ಬೆರಳೂ ಏಳಲಿಲ್ಲ, ನಡುಬೆರಳು ಎದ್ದಿತು. ಎಕ್ಸ್-ರೇಯಲ್ಲಿ ಕಳಚಿದ ಅಲ್ನಾತಲೆಯೂ ಚಿಪ್ಪಿನ ಗುಳಿಯೂ ಕಂಡವು. ನಡುಬೆರಳಿನ ರಜ್ಜಿಗೆ ಹೆಚ್ಚು ಕಾಲವಿಲ್ಲ ಎಂದು ಇದರ ಅರ್ಥ.

ಹರಿದ ತುದಿಗಳನ್ನು ಎದುರುಬದುರು ಹೊಲಿಯುವುದು ಇಲ್ಲಿ ಸಾಮಾನ್ಯವಾಗಿ ಆಗದ ಮಾತು. ಅವು ಸವೆದು ಹಿಂಜಿ ದೂರ ಸರಿದಿರುತ್ತವೆ. ಆದ್ದರಿಂದ ಬೇರೆಯದನ್ನು ತಂದು ಜೋಡಿಸುತ್ತಾರೆ. ತೋರುಬೆರಳಿಗೆ ಎರಡು ಎತ್ತುವ ರಜ್ಜುಗಳಿವೆ, ಒಂದನ್ನು ತೆಗೆದುಕೊಂಡರೂ ಆ ಬೆರಳಿಗೆ ದೊಡ್ಡ ನಷ್ಟವಿಲ್ಲ. ಅದನ್ನು ಕಿರುಬೆರಳಿಗೆ ತಿರುಗಿಸಿ, ಉಂಗುರಬೆರಳಿನ ರಜ್ಜನ್ನು ನಡುಬೆರಳಿನದರ ಪಕ್ಕಕ್ಕೆ ಹೊಲಿಯುವುದು ಇಂಥ ಕೈಗೆ ಒಂದು ದಾರಿ. ಅದೇ ಶಸ್ತ್ರಚಿಕಿತ್ಸೆಯಲ್ಲಿ ಊದಿದ ಪೊರೆಯನ್ನು ಬಿಡಿಸಿ, ಮುಳ್ಳಾದ ಅಲ್ನಾತಲೆಯನ್ನು ಕತ್ತರಿಸಿ ತೆಗೆಯುತ್ತಾರೆ, ಇಲ್ಲವೇ ತಲೆಯನ್ನು ರೇಡಿಯಸ್ಸಿಗೆ ಬೆಸೆದು ಅದರ ಹಿಂದೆ ಅಲ್ನಾದ ಒಂದು ತುಂಡನ್ನು ತೆಗೆದು ಮುಂಗೈ ತಿರುಗಲು ಜಾಗ ಬಿಡುತ್ತಾರೆ. ಈ ಎರಡನೆಯ ವಿಧಾನಕ್ಕೆ ಸೋವೆ ಮತ್ತು ಕಪಾಂಜಿಯವರ ಹೆಸರಿದೆ, 1936ರಿಂದ. ಮುಳ್ಳು ಉಳಿಸಿ ಹೊಲಿದರೆ ಹೊಸ ರಜ್ಜೂ ಅಲ್ಲೇ ಹರಿಯುತ್ತದೆ. ದಕ್ಷಿಣ ಭಾರತದಲ್ಲಿ ರಜ್ಜು ವರ್ಗಾವಣೆಗೆ ಹಳೆಯ ಪರಂಪರೆಯೇ ಇದೆ: ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳಿಗೆ ಇದೇ ಬಗೆಯ ಕೆಲಸ ಮಾಡಿದರು.

ಶಸ್ತ್ರಚಿಕಿತ್ಸೆಗೆ ಮುಂಚೆ ಕತ್ತಿನ ಎಕ್ಸ್-ರೇ ತೆಗೆಯುವುದನ್ನು ಮರೆಯಬಾರದು. ಹಳೆಯ ರುಮಟಾಯ್ಡಿನಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲವಾಗಿದ್ದರೆ ಅರಿವಳಿಕೆಗಾಗಿ ಕತ್ತು ಬಾಗಿಸುವುದೇ ಅಪಾಯ. ಕೈಯೊಂದನ್ನೇ ಮರಗಟ್ಟಿಸಿ ಮಾಡುವುದು ಇದಕ್ಕೂ ಒಳ್ಳೆಯದು. ಆಮೇಲೆ ಸುಮಾರು ನಾಲ್ಕು ವಾರ ಪಟ್ಟಿ, ತರುವಾಯ ನಿಧಾನದ ವ್ಯಾಯಾಮ, ಭಾರದ ಕೆಲಸಕ್ಕೆ ಮೂರು ತಿಂಗಳು. ಒಂದು ರಜ್ಜು ಹರಿದವರ ಬೆರಳು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಮೂರು ನಾಲ್ಕು ಹರಿದವರಲ್ಲಿ ಬೆರಳು ಪೂರ್ತಿ ಮೇಲೇಳುವುದು ಅಪರೂಪ. ಅವರಿಗೆ ಬೆರಳು ಮಡಿಸುವ ರಜ್ಜುಗಳನ್ನೇ ಎರವಲು ತರಬೇಕಾಗುತ್ತದೆ.

ಹರಿಯದಂತೆ ತಡೆಯುವುದು

ತಡೆಯ ಮೊದಲ ಮೆಟ್ಟಿಲು ಔಷಧ. ನೋವಿನ ಗುಳಿಗೆ ನೋವನ್ನು ತಗ್ಗಿಸುತ್ತದೆ, ಪೊರೆಯ ಕೊರೆತವನ್ನು ನಿಲ್ಲಿಸುವುದಿಲ್ಲ. ಕೊರೆತ ನಿಲ್ಲಿಸುವ ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ಅದು ವಾರಕ್ಕೊಮ್ಮೆ ಮಾತ್ರ, ಜೊತೆಗೆ ಫೋಲಿಕ್ ಆಮ್ಲ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಎರವಾಗಬಹುದು. ವಾರದ ಒಂದು ದಿನವನ್ನು ಗೊತ್ತುಮಾಡಿ ಗುಳಿಗೆ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆಯುವ ವೈದ್ಯರೂ ಔಷಧದಂಗಡಿಯವರೂ ರೋಗಿಗೆ ದೊಡ್ಡ ಉಪಕಾರ ಮಾಡುತ್ತಾರೆ. ಯಕೃತ್ತು ಮತ್ತು ರಕ್ತದ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಗರ್ಭಿಣಿಯರಿಗೂ ಗರ್ಭ ನಿರೀಕ್ಷಿಸುವವರಿಗೂ ಅದು ಸಲ್ಲದು. ಸಾಲದಿದ್ದರೆ ಬೇರೆ ಔಷಧ ಕೂಡಿಸುತ್ತಾರೆ, ಅದಕ್ಕೂ ಮೀರಿದರೆ ಜೈವಿಕ ಔಷಧ, ಕ್ಷಯ ಅಡಗಿಲ್ಲವೆಂದು ಖಾತ್ರಿಯಾದ ಮೇಲೆ. ಸ್ಟೀರಾಯ್ಡ್ ಚುಚ್ಚುಮದ್ದು ಊತವನ್ನು ಬೇಗ ಇಳಿಸುತ್ತದೆ, ಆದರೆ ಸೂಜಿ ರಜ್ಜಿನ ಒಳಗೇ ಹೋದರೆ ಅದನ್ನು ಬಲಗುಂದಿಸುತ್ತದೆ. ಮತ್ತೆ ಮತ್ತೆ ಹಾಕಿಸುವುದು ತಡೆಯ ದಾರಿಯಲ್ಲ.

ಎರಡನೆಯದು ಮಣಿಕಟ್ಟಿನ ಮೇಲಿನ ಹೊರೆ ಇಳಿಸುವುದು. ಊತ ಹೆಚ್ಚಿದ್ದಾಗ ಮಣಿಕಟ್ಟಿಗೆ ಪಟ್ಟಿ, ಕಾಯಿ ಸುಲಿಯಲು ಗೂಟದ ಬದಲು ಸನ್ನೆಯ ಯಂತ್ರ ಅಥವಾ ಬೇರೆಯವರ ಕೈ, ಬಟ್ಟೆ ಹಿಂಡದೆ ನೇತುಹಾಕುವುದು, ಮುದ್ದೆ ತೊಳಸುವ ಕೋಲನ್ನು ದಪ್ಪ ಹಿಡಿಯಿಂದ ಎರಡೂ ಕೈಯಲ್ಲಿ ಹಿಡಿಯುವುದು. ಹಾಗೆಂದು ಕೈಯನ್ನು ಪೂರ್ತಿ ಮಲಗಿಸಲೂಬಾರದು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಪ್ರಯೋಗದಲ್ಲಿ 490 ರುಮಟಾಯ್ಡ್ ರೋಗಿಗಳನ್ನು ಪರಿಶೀಲಿಸಿ, ಹೇಳಿಕೊಟ್ಟ ಕ್ರಮದ ವ್ಯಾಯಾಮ ಕೈಯ ಕೆಲಸವನ್ನು ಉತ್ತಮಪಡಿಸುತ್ತದೆ ಎಂದು ತೋರಿಸಿದ್ದಾರೆ. ಆದರೆ ಪಟ್ಟಿಯಾಗಲಿ ವ್ಯಾಯಾಮವಾಗಲಿ ಆಗಲೇ ಎದ್ದ ಮುಳ್ಳನ್ನು ಮೊಂಡಾಗಿಸಲಾರವು.

ಮೂರನೆಯದು ಸಕಾಲದ ಶಸ್ತ್ರಚಿಕಿತ್ಸೆ. ಸರಿಯಾದ ಔಷಧ ಕೊಟ್ಟೂ ಹಿಂಬದಿಯ ಊತ ಮೂರರಿಂದ ಆರು ತಿಂಗಳು ಇಳಿಯದಿದ್ದರೆ, ರಜ್ಜು ಕಡಿಯುವ ಮುನ್ನವೇ ಊದಿದ ಪೊರೆಯನ್ನು ಬಿಡಿಸಬೇಕೆಂಬುದು ಕೈ ಶಸ್ತ್ರಚಿಕಿತ್ಸಕರಲ್ಲಿ ಬಹುಮತದ ಅಭಿಪ್ರಾಯ. ಆಗ ಮುಳ್ಳನ್ನೂ ನುಣುಪು ಮಾಡಿ, ಹಿಂಬದಿಯ ಗಟ್ಟಿ ಪಟ್ಟಿಯ ಅರ್ಧವನ್ನು ರಜ್ಜುಗಳ ಅಡಿಗೆ ಹಾಸುತ್ತಾರೆ, ಮೂಳೆಗೂ ರಜ್ಜಿಗೂ ನಡುವೆ ಒಂದು ಮೆತ್ತೆಯಾಗಲೆಂದು. ಹೀಗೆ ಮಾಡಿದ ಕೈಯಲ್ಲಿ ಮುಂದೆ ರಜ್ಜು ಹರಿಯುವುದು ವಿರಳ. ಹಳ್ಳಿಯ ರೋಗಿಗೆ ತೊಡಕಾಗುವುದು ಕಾಲ: ನೋವಿಲ್ಲದ ಊತಕ್ಕೆ ಬೆಂಗಳೂರಿಗೆ ಹೋಗಲು ಯಾರಿಗೂ ಮನಸ್ಸು ಬರದು.

ಆದ್ದರಿಂದ ದಂಡಿನಶಿವರದಂಥ ಊರಿನ ರುಮಟಾಯ್ಡ್ ರೋಗಿಗಳಿಗೆ, ಅವರನ್ನು ನೋಡುವ ಆಶಾ ಕಾರ್ಯಕರ್ತೆಯರಿಗೆ ಹೇಳಬೇಕಾದ್ದು ಇಷ್ಟು: ಕಿರುಬೆರಳು ಒಂಟಿಯಾಗಿ ಮೇಲೇಳದಿದ್ದರೆ, ನೋವಿರಲಿ ಇಲ್ಲದಿರಲಿ, ಮೂಳೆ ಅಥವಾ ಕೈ ಶಸ್ತ್ರಚಿಕಿತ್ಸಕರನ್ನು ಆ ವಾರದಲ್ಲೇ ಕಾಣಿ.